ನೆರೆಯವರ ಪಟ್ಟಿಯಲ್ಲಿ ಕ್ಯಾಂಟೀನ್

ಹಿಟ್ನಾಳ ದಾಟಿ ಒಳಗೆ ಹೋದರೆ ಸಿಗುವ ಒಂದು ಕಬ್ಬಿಣದ ಕಾರ್ಖಾನೆಗೆ ನಾನು ನಕ್ಷೆ ಬರೆಯಲು ಹೋಗಿದ್ದೆ. ಕಾರ್ಖಾನೆ ಆಗಷ್ಟೇ ಬೇರೆಯವರ ಕೈಗೆ ಹೋಗಿತ್ತು. ಅಲ್ಲಿನ ಕಂಪ್ಯೂಟರ್ ಜಾಲವನ್ನು ವರ್ಷಗಟ್ಟಲೆ ಎಳೆದು, ತೇಪೆ ಹಾಕುತ್ತ ಬಂದವನು ಕೆಲಸ ಬಿಟ್ಟಿದ್ದ. ಹೋಗುವಾಗ ಪಾಸ್‌ವರ್ಡ್ ಬರೆದ ಹಾಳೆಯೊಂದನ್ನು ಕೊಟ್ಟಿದ್ದ, ಅಷ್ಟೇ. ಯಾವ ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಹೇಳುವ ಕಾಗದ ಯಾರ ಬಳಿಯೂ ಇರಲಿಲ್ಲ. ಗಂಗಾವತಿಯಲ್ಲಿ ನನ್ನದೊಂದು ಸಣ್ಣ ನೆಟ್‌ವರ್ಕಿಂಗ್ ಅಂಗಡಿಯಿದೆ. ಅಕ್ಕಿ ಗಿರಣಿಗಳಿಗೂ ಆಸ್ಪತ್ರೆಗಳಿಗೂ ಕೇಬಲ್ ಎಳೆದುಕೊಡುತ್ತೇನೆ. ಇಷ್ಟು ದೊಡ್ಡ ಕೆಲಸ ಬಂದದ್ದು ಅದೇ ಮೊದಲು.

ಜೊತೆಗೆ ಕೊಟ್ಟದ್ದು ಅಲ್ಲಿನ ಎಲೆಕ್ಟ್ರಿಕಲ್ ಸೂಪರ್‌ವೈಸರನ್ನು. ಯಲಬುರ್ಗಾ ಕಡೆಯ ಮನುಷ್ಯ, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಾನು ಕಾಕಾ ಅನ್ನುತ್ತಿದ್ದೆ, ಅವರು ನನಗೆ ಯವ್ವಾ ಅನ್ನುತ್ತಿದ್ದರು. ಮೊದಲ ದಿನವೇ ಅವರು ಕೇಳಿದರು: "ಕಾಗದ ಇಲ್ಲದ ಹೆಂಗ ಹುಡುಕ್ತಿಯವ್ವಾ? ಅರ್ಧ ಕೇಬಲ್ ನೆಲದಾಗ ಅದಾವ."

"ಸ್ವಿಚ್ಚಿಗೇ ಕೇಳೂದ್ರಿ ಕಾಕಾ," ಅಂದೆ.

ನಮ್ಮ ಕಸುಬಿನಲ್ಲಿ ಸ್ವಿಚ್ ಅಂದರೆ ಹಲವಾರು ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆ. ಪ್ರತಿ ಸ್ವಿಚ್ಚೂ ಮೂವತ್ತು ಸೆಕೆಂಡಿಗೊಮ್ಮೆ ತನ್ನ ಹೆಸರನ್ನೂ ಕೇಬಲ್ ಸಿಕ್ಕಿಸಿದ ಕಿಂಡಿಯ, ಅಂದರೆ ಪೋರ್ಟಿನ, ಸಂಖ್ಯೆಯನ್ನೂ ಪಕ್ಕದ ಸ್ವಿಚ್ಚಿಗೆ ಹೇಳುತ್ತದೆ. ಪಕ್ಕದ್ದು ಅದನ್ನು ಪಟ್ಟಿಯಲ್ಲಿ ಬರೆದುಕೊಂಡು ನೂರಿಪ್ಪತ್ತು ಸೆಕೆಂಡಿನಿಂದ ಕೆಳಗೆ ಎಣಿಸುತ್ತ ಎರಡು ನಿಮಿಷ ನೆನಪಿಟ್ಟುಕೊಳ್ಳುತ್ತದೆ. ಮತ್ತೆ ಸುದ್ದಿ ಬಂದರೆ ಎಣಿಕೆ ನೂರಿಪ್ಪತ್ತಕ್ಕೆ ಮರಳುತ್ತದೆ, ಬಾರದಿದ್ದರೆ ಹೆಸರು ಅಳಿಸಿಹೋಗುತ್ತದೆ. ಈ ಸುದ್ದಿ ಒಂದು ಮನೆ ದಾಟಿ ಮುಂದೆ ಹೋಗುವುದಿಲ್ಲ. ಆದ್ದರಿಂದ ಒಂದು ಸ್ವಿಚ್ಚಿನ ಒಳಹೊಕ್ಕು ಅದರ ನೆರೆಯವರನ್ನು ಕೇಳಿ, ಆ ನೆರೆಯವರ ಒಳಹೊಕ್ಕು ಅವರ ನೆರೆಯವರನ್ನು ಕೇಳುತ್ತ, ಮನೆಯಿಂದ ಮನೆಗೆ ಹೋಗಬೇಕು.

ಆಫೀಸಿನ ಸ್ವಿಚ್ಚಿನಿಂದ ಶುರು ಮಾಡಿದೆವು. ಅದರ ಪಟ್ಟಿಯಲ್ಲಿ ಮೂರು ಹೆಸರುಗಳಿದ್ದವು: ಸ್ಟೋರ್, ತೂಕದ ಕಟ್ಟೆ, ಪವರ್ ಹೌಸ್. ಒಂದೊಂದನ್ನೂ ಕಂಡುಹಿಡಿದು ಚೀಟಿ ಅಂಟಿಸಿ, ಹಾಳೆಯ ಮೇಲೆ ಗೆರೆ ಎಳೆಯುತ್ತ ಹೋದೆ. ಎಲ್ಲೆಲ್ಲೂ ಕರಿ ಧೂಳು. ಪೆಟ್ಟಿಗೆಗಳನ್ನು ಒರೆಸಿದರಷ್ಟೇ ದೀಪ ಕಾಣುತ್ತಿದ್ದವು. ದೂರದಲ್ಲಿ ಕುಲುಮೆಯ ಗುಂಯ್ ಎನ್ನುವ ಸದ್ದು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಅನಿಲ ಶುದ್ಧೀಕರಣದ ಶೆಡ್ಡಿನ ಮುಂದೆ ಹಾದುಹೋಗುವಾಗ ಕಾಕಾ ದಾರಿ ಬಿಟ್ಟು ಸುತ್ತು ಹಾಕಿದರು.

"ಕುಲುಮಿ ಗ್ಯಾಸಿಗೆ ವಾಸನಿ ಇಲ್ಲ, ಬಣ್ಣ ಇಲ್ಲ," ಅಂದರು. "ತಲಿ ನೋಯಾಕತ್ತೈತಿ ಅನ್ನೂದ್ರಾಗ ಕಾಲು ಬಿದ್ದಿರ್ತಾವ."

ಶೆಡ್ಡಿನೊಳಗಿನ ಅಳತೆಯ ಉಪಕರಣಗಳು ಗಾಳಿಯಲ್ಲಿರುವ ವಿಷಾನಿಲದ ಪ್ರಮಾಣವನ್ನು ಕಂಟ್ರೋಲ್ ರೂಮಿನ ಪರದೆಗೆ ಕಳಿಸುತ್ತವೆ. ಅಪಾಯದ ಹೂಟರ್ ಕೂಗುವುದೂ ಅಲ್ಲಿಂದಲೇ. ಶೆಡ್ಡಿನಿಂದ ಕಂಟ್ರೋಲ್ ರೂಮಿಗೆ ನೇರವಾಗಿ ಬೇರೆಯೇ ಕೇಬಲ್ ಇದೆಯೆಂದು ಎಲ್ಲರೂ ಹೇಳಿದರು. ನಾನೂ ಹಾಗೆಯೇ ಬರೆದುಕೊಂಡೆ.

ಎರಡನೆಯ ದಿನ ಊಟ ಮುಗಿಸಿ ಪವರ್ ಹೌಸಿನ ಸ್ವಿಚ್ಚಿಗೆ ಲ್ಯಾಪ್‌ಟಾಪ್ ಜೋಡಿಸಿದೆ. ನೆರೆಯವರ ಪಟ್ಟಿಯಲ್ಲಿ ಕಂಟ್ರೋಲ್ ರೂಮಿನ ಹೆಸರಿತ್ತು. ಅದರ ಕೆಳಗೆ, ಇಪ್ಪತ್ನಾಲ್ಕನೆಯ ಪೋರ್ಟಿನಲ್ಲಿ, ಕ್ಯಾಂಟೀನ್ ಎಂಬ ಹೆಸರಿತ್ತು.

"ಹಳೇ ಕ್ಯಾಂಟೀನು," ಅಂದರು ಕಾಕಾ. "ಮುಚ್ಚಿ ಭಾಳ ದಿನ ಆತು. ನಾಳೆ ಕೆಡವ್ತಾರ."

ಮುಚ್ಚಿದ ಕ್ಯಾಂಟೀನಿನಲ್ಲಿ ಸ್ವಿಚ್ ಯಾಕೆ ಚಾಲೂ ಇದೆ? ಪಟ್ಟಿಯಲ್ಲೇ ಅದರ ವಿಳಾಸವಿತ್ತು. ಕೂತಲ್ಲಿಂದಲೇ ಅದರ ಒಳಹೊಕ್ಕು ಅದರ ನೆರೆಯವರನ್ನು ಕೇಳಿದೆ. ಎರಡು ಹೆಸರು ಬಂದವು. ಒಂದು, ನಾವು ಕೂತಿದ್ದ ಪವರ್ ಹೌಸ್. ಇನ್ನೊಂದು, ಗ್ಯಾಸ್ ಶೆಡ್.

ನಾನು ಕಂಟ್ರೋಲ್ ರೂಮಿನ ಸ್ವಿಚ್ಚಿನ ಒಳಹೊಕ್ಕು ಅದರ ಪಟ್ಟಿಯನ್ನೂ ನೋಡಿದೆ. ಅಲ್ಲಿ ಗ್ಯಾಸ್ ಶೆಡ್ ಇರಲಿಲ್ಲ. ನೇರ ಕೇಬಲ್ ಇದ್ದಿದ್ದರೆ ಅದು ಇರಬೇಕಿತ್ತು. ಶೆಡ್ಡಿನ ಪ್ರತಿ ಅಂಕಿಯೂ ಆ ಪಾಳು ಕ್ಯಾಂಟೀನಿನ ಮೂಲಕ ಬರುತ್ತಿತ್ತು.

ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದೆ. ಕಾಕಾ ಹಾಳೆಯನ್ನು ನೋಡಲಿಲ್ಲ, ಗೋಡೆಯ ಗಡಿಯಾರ ನೋಡಿದರು. ಮೂರಕ್ಕೆ ಒಂದು ನಿಮಿಷವಿತ್ತು.

"ಮೂರಕ್ಕ ಕ್ಯಾಂಟೀನ್ ಕರೆಂಟ್ ಲೈನ್ ತಗೀರಿ ಅಂತ ನಾನ ಸಹಿ ಮಾಡೀನಿ, ಯವ್ವಾ."

ಲೈನ್‌ಮನ್‌ಗೆ ಫೋನ್ ಹಚ್ಚಿದರು. ರಿಂಗ್ ಆಗುತ್ತಲೇ ಇತ್ತು. ಅಷ್ಟರಲ್ಲಿ, ಮತ್ತೆ ಕ್ಯಾಂಟೀನಿನ ಸ್ವಿಚ್ಚಿಗೆ ಹೋಗಿ ನಾನು ಟೈಪ್ ಮಾಡಿದ ಅಕ್ಷರಗಳು ಪರದೆಯ ಮೇಲೆ ಮೂಡುವುದು ನಿಂತಿತು. ಕ್ಯಾಂಟೀನಿನ ಸ್ವಿಚ್ ಉತ್ತರಿಸುತ್ತಿರಲಿಲ್ಲ. ಆದರೆ ಕಣ್ಣೆದುರಿನ ಇಪ್ಪತ್ನಾಲ್ಕನೆಯ ಪೋರ್ಟಿನ ಹಸಿರು ದೀಪ ಹಾಗೆಯೇ ಉರಿಯುತ್ತಿತ್ತು. ನಡುವೆ ಫೈಬರ್‌ಗೆ ಜೋಡಿಸುವ ಸಣ್ಣ ಡಬ್ಬಿಯೊಂದಿತ್ತು. ಆಚೆಯ ತುದಿ ಸತ್ತರೂ ಈಚೆಗೆ ಆ ಡಬ್ಬಿ ದೀಪ ಉರಿಸುತ್ತಲೇ ಇರುತ್ತದೆ.

ಪವರ್ ಹೌಸಿನ ಪಟ್ಟಿಗೆ ಹಿಂತಿರುಗಿದೆ. ಕ್ಯಾಂಟೀನಿನ ಹೆಸರಿನ ಮುಂದೆ ಎಂಬತ್ತೆಂಟು ಅಂತ ಇತ್ತು. ಮತ್ತೆ ಕೇಳಿದೆ, ಎಪ್ಪತ್ನಾಲ್ಕು. ಜೀವಂತ ಇದ್ದರೆ ಆ ಎಣಿಕೆ ತೊಂಬತ್ತಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಐವತ್ತೊಂಬತ್ತು.

"ತಗದಾರ್ರಿ ಕಾಕಾ."

ಅವರು ಕಂಟ್ರೋಲ್ ರೂಮಿಗೆ ಫೋನ್ ಮಾಡಿದರು. ಆಪರೇಟರನ ದನಿ ನನಗೂ ಕೇಳುತ್ತಿತ್ತು. "ಎಲ್ಲಾ ಹಸರ ಐತ್ರಿ ಸರ. ಶೆಡ್ಡಿನ್ಯಾಗ ಸೊನ್ನಿ ತೋರ್ಸಾಕತ್ತೈತಿ."

"ಅದು ಹಳೇ ಸೊನ್ನಿ. ಶೆಡ್ಡಿನ ಸುದ್ದಿ ಬರೂದು ನಿಂತೈತಿ. ಒಳಗ ಯಾರರ ಅದಾರೇನು?"

"ಮೂರು ಮಂದಿ ವಾಲ್ವ್ ಬಿಚ್ಚಾಕತ್ಯಾರ್ರಿ. ಅರ್ಧದಾಗ ನಿಲ್ಲಸ್ರಿ ಅಂದ್ರ ಮ್ಯಾನೇಜರ್ ಸಾಹೇಬ್ರು ನನ್ನ ಕೇಳ್ತಾರ."

"ನನ್ನ ಹೆಸರು ಹೇಳು," ಅಂದರು ಕಾಕಾ. ದನಿ ಏರಿಸಲಿಲ್ಲ. "ಹೂಟರ್ ಒತ್ತು. ಈಗ ಒತ್ತು."

ಹೂಟರ್ ಕೂಗಿತು. ಪಟ್ಟಿಯಲ್ಲಿ ಎಣಿಕೆ ಒಂಬತ್ತಕ್ಕೆ ಬಂದಿತ್ತು. ಮತ್ತೆ ಕೇಳಿದಾಗ ಆ ಹೆಸರೇ ಇರಲಿಲ್ಲ. ಅಂಥದ್ದೊಂದು ಅಲ್ಲಿ ಎಂದೂ ಇರಲೇ ಇಲ್ಲವೇನೋ ಎಂಬಂತೆ ಪಟ್ಟಿ ಚೊಕ್ಕವಾಗಿತ್ತು.

ಕಾಕಾ ಕ್ಯಾಂಟೀನಿನ ಕಡೆ ಓಡಿದರು. ನಾನು ಕಂಟ್ರೋಲ್ ರೂಮಿಗೆ ಓಡಿದೆ. ಕಿಟಕಿಯಿಂದ ಶೆಡ್ ಕಾಣುತ್ತಿತ್ತು. ಇಬ್ಬರು ಗೊಣಗುತ್ತ ಹೊರಬಂದರು. ಮೂರನೆಯವನು ಬಾಗಿಲಲ್ಲೇ ಕುಸಿದು ಕೂತ. ಅವರಿಬ್ಬರೂ ತಿರುಗಿ ಹೋಗಿ ಅವನ ಬಗಲಿಗೆ ಕೈಹಾಕಿ ಗಾಳಿ ಬೀಸುವ ಕಡೆಗೆ ಎಳೆದುಕೊಂಡು ಹೋದರು. ಪರದೆಯ ಮೇಲೆ ಇನ್ನೂ ಸೊನ್ನೆ, ಹಸಿರು ಬಣ್ಣದಲ್ಲಿ.

ಕಾಕಾ ಲೈನ್ ಮತ್ತೆ ಕೊಡಿಸಿದ ಮೇಲೂ ಸ್ವಿಚ್ ಎಚ್ಚರಗೊಳ್ಳಲು ಒಂದೆರಡು ನಿಮಿಷ ಹಿಡಿಯಿತು. ಆಪರೇಟರ್ ಮತ್ತು ನಾನು ಆ ಸೊನ್ನೆಯನ್ನೇ ನೋಡುತ್ತ ನಿಂತಿದ್ದೆವು. ಐವತ್ತು ದಾಟಬಾರದ ಆ ಅಂಕಿ ನೋಡುನೋಡುತ್ತಿದ್ದಂತೆ ಇನ್ನೂರ ಹತ್ತಾಯಿತು. ಪರದೆ ಕೆಂಪಾಯಿತು. ಆಪರೇಟರ್ ಕುರ್ಚಿ ಹಿಡಿದುಕೊಂಡು, "ನಾ ಸುಳ್ಳು ಹೇಳಲಿಲ್ರಿ," ಅಂದ, ನನಗೆ.

ಕುಸಿದವನನ್ನು ಕೊಪ್ಪಳದ ಆಸ್ಪತ್ರೆಗೆ ಒಯ್ದು ಆಮ್ಲಜನಕ ಕೊಟ್ಟರು. ಕುಷ್ಟಗಿಯಿಂದ ಅವನ ಹೆಂಡತಿ ಬಂದಳು. ನಾಲ್ಕು ದಿನಕ್ಕೆ ಅವನು ಎದ್ದು ಓಡಾಡಿದ. ಕ್ಯಾಂಟೀನ್ ಕೆಡವುವುದನ್ನು ಮುಂದೂಡಿದರು. ಶೆಡ್ಡಿನಿಂದ ಕಂಟ್ರೋಲ್ ರೂಮಿಗೆ ಹೊಸ ಫೈಬರ್ ಎಳೆದದ್ದು ನಾನೇ. ಸುದ್ದಿ ಬರುವುದು ನಿಂತರೆ ಅಂಕಿ ಅಳಿಸಿ ಹೂಟರ್ ಕೂಗುವಂತೆ ಪರದೆಯನ್ನೂ ಬದಲಿಸಿದರು. ಸಹಿ ಮಾಡಿದ ಕಾಗದವನ್ನು ಕಾಕಾ ತಾವೇ ಮ್ಯಾನೇಜರರ ಮುಂದಿಟ್ಟು ಬಂದರು. ಅವರನ್ನು ಯಾರೂ ಏನೂ ಅನ್ನಲಿಲ್ಲ. ಆದರೆ ಆ ವಾರವೆಲ್ಲ ಅವರು ಊಟದ ಡಬ್ಬಿ ತೆರೆದದ್ದನ್ನು ನಾನು ನೋಡಲಿಲ್ಲ.

ನಕ್ಷೆಯ ಉಳಿದ ಕೆಲಸ ಮುಗಿಸುವಾಗ ಕಲ್ಲಿದ್ದಲು ಅಂಗಳದ ಕೊನೆಯ ಸ್ವಿಚ್ಚಿನಲ್ಲಿ ಒಂದು ಪೋರ್ಟ್ ಸಿಕ್ಕಿತು. ನೆರೆಯವರ ಪಟ್ಟಿಯಲ್ಲಿ ಅದರ ಮುಂದೆ ಯಾವ ಹೆಸರೂ ಇರಲಿಲ್ಲ. ಆದರೆ ಅದರ ಆಚೆಯಿಂದ ಆರು ಯಂತ್ರಗಳ ವಿಳಾಸಗಳು ಬಂದಿದ್ದವು. ಹೆಸರು ಹೇಳಿಕೊಳ್ಳಲು ಬಾರದ ಅಗ್ಗದ ಸ್ವಿಚ್ಚೊಂದು ಎಲ್ಲೋ ಇರಬೇಕು. ಕೇಬಲ್ ಕಾಂಪೌಂಡ್ ಗೋಡೆಯ ಬುಡದಲ್ಲಿ ನೆಲಕ್ಕಿಳಿದಿತ್ತು.

"ಆ ಕಡಿ ಏನೂ ಇಲ್ಲವ್ವಾ," ಅಂದರು ಕಾಕಾ. "ಬರೇ ಜಾಲಿ."

ಕಿತ್ತು ನೋಡಿದರೆ ಯಾರು ಬೊಬ್ಬೆ ಹೊಡೆಯುತ್ತಾರೋ ಗೊತ್ತಾಗುತ್ತದೆ, ನಮ್ಮ ಕಸುಬಿನಲ್ಲಿ ಹಾಗೆ ಮಾಡುವವರಿದ್ದಾರೆ. ನನ್ನ ಕೈ ಕೇಬಲ್ಲಿನ ತುದಿಯ ಮೇಲಿತ್ತು. ಕಾಕಾ ಮೆಲ್ಲಗೆ ಆ ಕೈಯನ್ನು ಸರಿಸಿದರು.

"ಬ್ಯಾಡ. ಅದರ ಮ್ಯಾಲೆ ಏನು ನಿಂತೈತೋ."

ಆ ಪೋರ್ಟಿನಿಂದ ಹಾಳೆಯ ಅಂಚಿನವರೆಗೆ ಗೆರೆ ಎಳೆದು, ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ನಕ್ಷೆಯನ್ನು ಒಪ್ಪಿಸಿದೆ.