ನನ್ನ ಹೆಸರಿನಿಂದ ಹೋದ ಮೇಲ್

ನಂಬಿ ಕೆಟ್ಟೆ ಅಂತ ಜನ ಹೇಳುವಾಗ ನನಗೆ ಮೈಯೆಲ್ಲ ಉರಿಯುತ್ತದೆ. ನಂಬಿಸಿದವನ ಮಾತೇ ಅದರಲ್ಲಿ ಇರುವುದಿಲ್ಲ, ತಪ್ಪೆಲ್ಲ ನಂಬಿದವನದೇ ಆಗಿಬಿಡುತ್ತದೆ. ನನ್ನ ವಿಷಯದಲ್ಲೂ ಹಾಗೇ ಆಯಿತು.

ಆಗ ನಾನು ಎಲೆಕ್ಟ್ರಾನಿಕ್ಸ್ ಎರಡನೇ ವರ್ಷದಲ್ಲಿದ್ದೆ. ಮನೆ ಕಾಮಾಕ್ಷಿಪಾಳ್ಯದಲ್ಲಿ, ಅಮ್ಮ ಗಾರ್ಮೆಂಟ್ಸಿನಲ್ಲಿ ಟೈಲರ್. ನನ್ನ ಬೆಂಚಿನವನೊಬ್ಬ ಲಗ್ಗೆರೆಯಿಂದ ಬರುತ್ತಿದ್ದ. ಇಬ್ಬರೂ ಮೊದಲ ದಿನದಿಂದಲೇ ಜೋಡಿ, ಒಂದೇ ಬಸ್ಸು, ಒಂದೇ ಡಬ್ಬಿ ಊಟ. ಮೊಬೈಲಿನಲ್ಲಿ ಮೇಲ್ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ವಿಜಯನಗರದ ಬ್ರೌಸಿಂಗ್ ಸೆಂಟರಿನವನು ಅರ್ಧ ಗಂಟೆಗಿಂತ ಕಡಿಮೆ ಕೊಡುತ್ತಿರಲಿಲ್ಲ. ಆದ್ದರಿಂದ ನಮ್ಮಲ್ಲಿ ಒಂದು ಪದ್ಧತಿ ಇತ್ತು: ಒಂದು ದಿನ ನಾನು ಹೋಗಿ ಇಬ್ಬರ ಮೇಲನ್ನೂ ನೋಡುವುದು, ಮರುದಿನ ಅವನು. ಅವನ ಪಾಸ್‌ವರ್ಡ್ ನನಗೆ ಬಾಯಿಪಾಠ, ನನ್ನದು ಅವನಿಗೆ. ಕ್ಲಾಸಿನಲ್ಲಿ ಅರ್ಧ ಜನ ಹೀಗೇ ಮಾಡುತ್ತಿದ್ದರು. ಅದರಲ್ಲಿ ಏನೋ ಅಪಾಯವಿದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಆ ಸೆಂಟರಿನಲ್ಲಿ ಎಂಟು ಕಂಪ್ಯೂಟರು, ಒಂದು ಯುಪಿಎಸ್. ಕರೆಂಟು ಹೋದಾಗ ಕೆಲವು ಸಲ ಎಲ್ಲವೂ ಸರಿಯಾಗಿ ಓಡುತ್ತಿದ್ದವು, ಕೆಲವು ಸಲ ಒಂದಷ್ಟು ಕಂಪ್ಯೂಟರು ತಟ್ಟನೆ ರೀಸ್ಟಾರ್ಟ್ ಆಗಿ ಟೈಪ್ ಮಾಡಿದ್ದೆಲ್ಲ ಗೋವಿಂದ. ಜನ ಸೆಂಟರಿನವನಿಗೆ ಬೈದು ಹೋಗುತ್ತಿದ್ದರು. ನಾನು ಬರೆದಿಡತೊಡಗಿದೆ. ಎಂಟೂ ಓಡುತ್ತಿದ್ದಾಗ ಮಾತ್ರ ಹೀಗಾಗುತ್ತಿತ್ತು, ಐದು ಓಡುತ್ತಿದ್ದರೆ ಏನೂ ಆಗುತ್ತಿರಲಿಲ್ಲ. ಯುಪಿಎಸ್ಸಿನ ಮೇಲೆ ಅದನ್ನು ಮಾಡುವ ಕಂಪನಿಯ ಸ್ಟಿಕ್ಕರ್ ಇತ್ತು. ರಾಜಾಜಿನಗರದ ಕೈಗಾರಿಕಾ ಬಡಾವಣೆಯ ವಿಳಾಸ, ಕೆಳಗೆ ಇ-ಮೇಲ್.

ರಜೆಯಲ್ಲಿ ಆರು ವಾರ ಅಲ್ಲಿ ಇಂಟರ್ನ್ ಆಗಬೇಕೆಂದು ನನಗೆ ಹುಚ್ಚು ಹಿಡಿಯಿತು. ಎರಡನೇ ವರ್ಷದವರನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಎಂದು ಸೀನಿಯರುಗಳು ನಕ್ಕರು. ರೆಸ್ಯೂಮ್ ಎಂದು ನನ್ನ ಹತ್ತಿರ ಇದ್ದದ್ದಾದರೂ ಏನು? ಸೀನಿಯರೊಬ್ಬನ ಫೈಲಿನಲ್ಲಿ ಹೆಸರು, ಅಂಕ ಬದಲಾಯಿಸಿದ ಒಂದು ಪುಟ. ಮನೆಯಲ್ಲಿ ಫೋನಿಲ್ಲದ್ದರಿಂದ ಫೋನ್ ನಂಬರಿನ ಸಾಲೇ ಇರಲಿಲ್ಲ. ಕೊನೆಗೆ 'ಮೇಲಿನದೆಲ್ಲ ನಿಜವೆಂದು ಈ ಮೂಲಕ ಘೋಷಿಸುತ್ತೇನೆ' ಎಂಬ ಇಂಗ್ಲಿಷ್ ಸಾಲು. ಅದನ್ನು ನೋಡಿ ಯಾರೂ ಕರೆಯುವುದಿಲ್ಲ ಎಂದು ನನಗೂ ಗೊತ್ತಿತ್ತು. ಹಾಗಾಗಿ ಮೇಲಿನಲ್ಲಿಯೇ ನಾಲ್ಕು ಸಾಲು ಬರೆದೆ: ನಿಮ್ಮ ಯುಪಿಎಸ್ಸನ್ನು ಹದಿನೈದು ದಿನ ಗಮನಿಸಿದ್ದೇನೆ, ಲೋಡ್ ಪೂರ್ತಿ ಇದ್ದಾಗ ಬ್ಯಾಟರಿಗೆ ಬದಲಾಗುವ ಹೊತ್ತಿನಲ್ಲಿ ಕಂಪ್ಯೂಟರುಗಳು ರೀಸ್ಟಾರ್ಟ್ ಆಗುತ್ತಿವೆ, ಕಾರಣ ಗೊತ್ತಿಲ್ಲ, ನಿಮ್ಮ ಟೆಸ್ಟಿಂಗ್ ವಿಭಾಗದಲ್ಲಿ ಅದನ್ನು ಕಲಿಯುವ ಆಸೆ, ರೆಸ್ಯೂಮ್ ಲಗತ್ತಿಸಿದ್ದೇನೆ. ಪಕ್ಕದಲ್ಲಿ ಕೂತಿದ್ದ ಗೆಳೆಯ ಓದಿ, “ಸೂಪರ್ ಮಗಾ, ಕಳ್ಸು ಕಳ್ಸು” ಅಂದ. ಕಳಿಸಿದೆ. ಫೈಲ್ ಅಂಟಿದೆಯೋ ಇಲ್ಲವೋ ಎಂದು ಎರಡೆರಡು ಸಲ ತೆರೆದು ನೋಡಿದೆ.

ಆಮೇಲೆ ಪರೀಕ್ಷೆ ಶುರುವಾಯಿತು. ನನ್ನ ಸರದಿಯ ದಿನಗಳಲ್ಲಿ ಏನೂ ಇರುತ್ತಿರಲಿಲ್ಲ. ಅವನ ಸರದಿಯ ದಿನ ಕೇಳಿದರೆ, “ಏನೂ ಬಂದಿಲ್ಲ ಕಣೋ, ತಲೆ ಕೆಡಿಸ್ಕೋಬೇಡ” ಅನ್ನುತ್ತಿದ್ದ. ಪರೀಕ್ಷೆ ಮುಗಿದ ಮೇಲೆ ಅಜ್ಜಿಯ ಊರಿಗೆ ಹೋಗುತ್ತೇನೆಂದು ಹೇಳಿ ಕಾಣೆಯಾದ. ನಾನು ಒಬ್ಬನೇ ದಿನಾ ಹೋಗಿ ಖಾಲಿ ಇನ್‌ಬಾಕ್ಸ್ ನೋಡಿ ಬರುತ್ತಿದ್ದೆ. ರಜೆಯ ಎರಡು ವಾರ ಹಾಗೇ ಹೋಯಿತು. ಕೊನೆಗೆ ಅಮ್ಮನೇ, “ಇಲ್ಲೇ ರಾಜಾಜಿನಗರ ತಾನೇ? ಹೋಗಿ ಕೇಳಿದ್ರೆ ಹೊಡೀತಾರಾ?” ಎಂದು ಗದರಿಸಿದಳು. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಟೆ.

ಟೆಸ್ಟಿಂಗ್ ವಿಭಾಗದ ಮೇಡಂ ನನ್ನ ಹೆಸರು ಕೇಳಿದ ಕೂಡಲೇ ಎದ್ದು ಬಂದರು. “ತಾಯಿ ಹೇಗಿದ್ದಾರೆ? ಆಪರೇಷನ್ ಆಯ್ತಾ?”

ನನ್ನ ತಾಯಿ ಆ ಬೆಳಿಗ್ಗೆ ತಾನೇ ಎರಡು ಮುದ್ದೆ ಉಂಡು ಕೆಲಸಕ್ಕೆ ಹೋಗಿದ್ದಳು. ಯಾವ ಆಪರೇಷನ್ ಮೇಡಂ ಎಂದೆ. ಅವರು ಅನುಮಾನದಿಂದ ಒಂದು ಫೈಲ್ ತೆಗೆದರು. ಬಂದ ಅರ್ಜಿಗಳನ್ನೆಲ್ಲ ಪ್ರಿಂಟ್ ಹಾಕಿ ಇಡುವುದು ಅವರ ಅಭ್ಯಾಸ. ಮೇಲೆ ನನ್ನ ನಾಲ್ಕು ಸಾಲು ಮತ್ತು ರೆಸ್ಯೂಮ್. ಅದರ ಕೆಳಗೆ ಅವರ ಉತ್ತರ: ನೀವು ಗಮನಿಸಿದ್ದು ಚೆನ್ನಾಗಿದೆ, ಕಾಲೇಜಿನ ಪತ್ರ ತೆಗೆದುಕೊಂಡು ರಜೆಯ ಮೊದಲ ಸೋಮವಾರ ಬನ್ನಿ, ಒಂದೇ ಜಾಗ ಇದೆ. ಅದರ ಕೆಳಗೆ ನನ್ನ ಐಡಿಯಿಂದ ಹೋದ ಮರುತ್ತರ: ತಾಯಿಗೆ ಆಪರೇಷನ್, ಬರಲಾಗುವುದಿಲ್ಲ, ಈ ಕೆಲಸದಲ್ಲಿ ನನ್ನ ಜೊತೆಗಿದ್ದ ಸಹಪಾಠಿಯನ್ನು ದಯವಿಟ್ಟು ತೆಗೆದುಕೊಳ್ಳಿ, ಅವನ ರೆಸ್ಯೂಮ್ ಲಗತ್ತಿಸಿದ್ದೇನೆ. ಕೆಳಗೆ ನನ್ನ ಹೆಸರು.

ಬಂದ ಮೇಲನ್ನೂ ಕಳಿಸಿದ ಮೇಲನ್ನೂ ಎರಡನ್ನೂ ಅಳಿಸಿದ್ದ, ಪುಣ್ಯಾತ್ಮ. ನನ್ನ ತಾಯಿಯನ್ನು ಆಸ್ಪತ್ರೆಯಲ್ಲಿ ಮಲಗಿಸಿ ತಾನು ಇಲ್ಲಿ ಬಂದು ಕೂತಿದ್ದ. ಅವಳ ಕೈಯ ಚಿತ್ರಾನ್ನ ತಿಂದ ಬಾಯಿ ಅದು.

“ಇದು ನಾನು ಬರೆದಿದ್ದಲ್ಲ ಮೇಡಂ” ಅಂದೆ. ಅವರು ಒಳಗಿನಿಂದ ಅವನನ್ನು ಕರೆಸಿದರು. ಕುತ್ತಿಗೆಗೆ ಕಂಪನಿಯ ಟ್ಯಾಗು, ಕೈಯಲ್ಲಿ ಮಲ್ಟಿಮೀಟರ್. ನನ್ನನ್ನು ಕಂಡು ಮುಖ ಸುಣ್ಣವಾಯಿತು.

“ಇದನ್ನ ಬರ್ದಿದ್ದು ಯಾರು?” ಎಂದರು ಮೇಡಂ.

ಅವನು ನೆಲ ನೋಡುತ್ತ, “ಪಾಸ್‌ವರ್ಡ್ ಅವ್ನೇ ಕೊಟ್ಟಿದ್ದು ಮೇಡಂ” ಅಂದ. ತಾನೇ ಬರೆದೆ ಎಂದೂ ಹೇಳಲಿಲ್ಲ, ಬರೆದಿಲ್ಲ ಎಂದೂ ಹೇಳಲಿಲ್ಲ.

ಅವನನ್ನು ಕುತ್ತಿಗೆ ಹಿಡಿದು ಆಚೆ ನೂಕುತ್ತಾರೆ ಎಂದುಕೊಂಡೆ. ಆ ಕ್ಷಣಕ್ಕೆ ಎಷ್ಟು ಆಸೆಯಿಂದ ಕಾದೆನೆಂದು ಹೇಳಲು ನನಗೆ ಇವತ್ತಿಗೂ ನಾಚಿಕೆಯಿಲ್ಲ. ಮೇಡಂ ಫೈಲ್ ಮುಚ್ಚಿದರು.

“ನೋಡಿ, ಇವ್ರು ಮಾಡಿದ್ದು ತಪ್ಪು, ಇವ್ರಿಗೆ ನಾನು ಆಮೇಲೆ ಬೇರೆಯಾಗಿ ಹೇಳ್ತೀನಿ. ಆದ್ರೆ ಎರಡು ವಾರ ಕೂರಿಸ್ಕೊಂಡು ಕೆಲ್ಸ ಹೇಳ್ಕೊಟ್ಟಿದ್ದೀನಿ, ಬೆಂಚ್ ಮೇಲೆ ಟೆಸ್ಟ್ ಅರ್ಧ ಆಗಿದೆ. ಇನ್ನೊಬ್ಬರನ್ನ ಮೊದಲಿಂದ ಶುರು ಮಾಡಿಸೋಕೆ ನನ್ಹತ್ರ ಟೈಮ್ ಇಲ್ಲ. ಮತ್ತೆ, ಸ್ವಂತ ಪಾಸ್‌ವರ್ಡ್‌ನೇ ಇನ್ನೊಬ್ರ ಕೈಗೆ ಕೊಡೋರನ್ನ ನಾನು ಹೇಗೆ ಒಳಗೆ ಬಿಟ್ಕೊಳ್ಳಲಿ ಹೇಳಿ?”

ಕದ್ದವನು ಒಳಗೆ, ಕಳಕೊಂಡವನು ಹೊರಗೆ. ಅಬ್ಬಬ್ಬಾ, ಎಂಥ ನ್ಯಾಯ! ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡು ತಿರುಗಿ ಹೊರಟೆ.

“ಒಂದ್ನಿಮಿಷ” ಎಂದು ಮೇಡಂ ಕರೆದರು. “ಆ ಸೆಂಟರಲ್ಲಿ ಎಂಟೂ ಒಟ್ಟಿಗೆ ರೀಸ್ಟಾರ್ಟ್ ಆಗ್ತಿತ್ತಾ, ಕೆಲವು ಮಾತ್ರಾನಾ? ಇವ್ರನ್ನ ಕೇಳಿದ್ರೆ ಒಂದೊಂದ್ಸಲ ಒಂದೊಂದು ಹೇಳ್ತಾರೆ.”

ಸುಮ್ಮನೆ ಹೋಗಬೇಕಿತ್ತು. ಗೊತ್ತಿಲ್ಲ ಎನ್ನಬೇಕಿತ್ತು. ಆದರೆ ಹದಿನೈದು ದಿನ ನಾನು ನೋಡಿದ್ದನ್ನು ಒಬ್ಬರು ಮೊದಲ ಸಲ ಮನಸ್ಸಿಟ್ಟು ಕೇಳುತ್ತಿದ್ದರು. ಬಾಯಿ ತಡೆಯಲಿಲ್ಲ. “ಮೂರು ಮಾತ್ರ ಮೇಡಂ. ಗೋಡೆ ಪಕ್ಕದ ಹಳೇ ಮಷೀನುಗಳು. ಹೊಸವು ಐದೂ ಹಾಗೇ ಓಡ್ತಿದ್ವು.”

ಅವರ ಕಣ್ಣು ಅರಳಿತು. “ಹಾಗಾದ್ರೆ ಆ ಹಳೇ ಮಷೀನುಗಳ ಪವರ್ ಸಪ್ಲೈನೂ ನೋಡ್ಬೇಕು. ಬರ್ಕೊಳ್ಳಿ” ಎಂದು ಅವನ ಕಡೆ ತಿರುಗಿದರು.

ಅವನು ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡ. ಗಡಿಬಿಡಿಯಲ್ಲಿ ಮೂರರ ಬದಲು ನಾಲ್ಕು ಎಂದು ಬರೆದ. ನಾನೇ ಬಗ್ಗಿ ನೋಡಿ ತಿದ್ದಿಸಿದೆ.