ಆಡಿ ತಿಂಗಳ ಡಾಲರು

ಸೇಲಂನ ಬ್ಯಾಂಕೊಂದರ ವಿದೇಶಿ ವಿನಿಮಯದ ಮೇಜಿನಲ್ಲಿ ನಾನು ಒಂಬತ್ತು ವರ್ಷ ಕೂತಿದ್ದೇನೆ. ಊರಿನವರಿಗೆ ನಾನೆಂದರೆ ಡಾಲರಿನ ಬೆಲೆ ಕಟ್ಟುವವಳು. ನಿಜ ಹೇಳಬೇಕೆಂದರೆ ನಾನು ಬರೀ ಫೋನೆತ್ತಿ ಚೆನ್ನೈನ ಡೀಲಿಂಗ್ ರೂಮಿನವರನ್ನು ರೇಟು ಕೇಳುತ್ತೇನೆ, ಅವರು ಹೇಳಿದ್ದನ್ನು ಗಿರಾಕಿಗೆ ಹೇಳುತ್ತೇನೆ. ಆ ರೇಟಿನ ಒಂದು ಪೈಸೆಯನ್ನೂ ಅಲುಗಾಡಿಸುವ ಯೋಗ್ಯತೆ ನನಗಿಲ್ಲ. ಇದನ್ನು ನನ್ನ ಭಾವನಿಗೆ ಎಷ್ಟು ಸಲ ಹೇಳಿದರೂ ಅವರು ನಂಬಲಿಲ್ಲ.

ಭಾವನೆಂದರೆ ಅಕ್ಕನ ಗಂಡ. ಮೇಟೂರಿನ ಹತ್ತಿರ ನಮ್ಮೂರು; ಮನೆಮಾತು ಕನ್ನಡ, ತಿಂಗಳ ಲೆಕ್ಕ ಮಾತ್ರ ತಮಿಳರದ್ದು. ಅಕ್ಕ ಇಪ್ಪತ್ತು ವರ್ಷದಿಂದ ಇನ್ನೊಬ್ಬರ ಶೆಡ್ಡಿನಲ್ಲಿ ವಿದ್ಯುತ್ ಮಗ್ಗ ಓಡಿಸುತ್ತಿದ್ದಳು. ಲಾಳಿಯ ಸದ್ದಿಗೆ ಅವಳ ಕಿವಿ ಅರ್ಧ ಹೋಗಿತ್ತು. ನಮ್ಮ ಕಡೆ ಮಗ್ಗಕ್ಕೆ ಸೇರುವಾಗ ಮಾಲೀಕ ಒಟ್ಟಿಗೆ ಒಂದು ಮೊತ್ತ ಕೊಡುತ್ತಾನೆ, ಅದಕ್ಕೆ ಅಡ್ವಾನ್ಸ್ ಎನ್ನುತ್ತಾರೆ. ಅದು ತೀರುವ ತನಕ ಅಲ್ಲಿಂದ ಕದಲುವಂತಿಲ್ಲ. ಆ ವರ್ಷ ಅಕ್ಕನ ಅಡ್ವಾನ್ಸ್ ಕೊನೆಗೂ ತೀರಿತ್ತು. ಭಾವ ಮನೆಯ ಹಿಂದೆ ಶೆಡ್ಡು ಕಟ್ಟಿಸಿ, ಚೀನಾದಿಂದ ಲಾಳಿಯಿಲ್ಲದ ನಾಲ್ಕು ಹಳೇ ಮಗ್ಗ ತರಿಸುವುದೆಂದು ನಿಶ್ಚಯಿಸಿದರು. ನಾಲ್ಕನ್ನೂ ಒಬ್ಬರೇ ನೋಡಿಕೊಳ್ಳಬಹುದು, ಸದ್ದೂ ಕಮ್ಮಿ. ಆ ಒಬ್ಬರು ಅಕ್ಕ.

ಬೆಲೆ ಡಾಲರಿನಲ್ಲಿ. ಕಾಗದಕ್ಕೆ ಸಹಿ ಬಿದ್ದು ತೊಂಬತ್ತು ದಿನಕ್ಕೆ, ಬಂದರಿನಿಂದ ಸರಕು ಬಿಡಿಸಿಕೊಳ್ಳುವ ಹೊತ್ತಿಗೆ, ಹಣ ಕಟ್ಟಬೇಕು. ನಮ್ಮ ಬ್ಯಾಂಕಿನ ಸಾಲ ಮಂಜೂರಾದದ್ದು ರೂಪಾಯಿಯಲ್ಲಿ, ಆವತ್ತಿನ ರೇಟಿನ ಲೆಕ್ಕದಲ್ಲಿ. ಡಾಲರ್ ಏರಿದರೆ ಏರಿದಷ್ಟನ್ನೂ ಭಾವನೇ ಕೈಯಿಂದ ಹಾಕಬೇಕು. ಕೈಯಲ್ಲಿದ್ದದ್ದೆಲ್ಲ ಆಗಲೇ ಶೆಡ್ಡಿನ ಗೋಡೆ ಸೇರಿತ್ತು.

ಆನಿ ತಿಂಗಳು ಮುಗಿಯುವ ಮುಂಚೆ ಎಲ್ಲ ಕಾಗದಕ್ಕೂ ಸಹಿ ಬೀಳಬೇಕೆಂದು ಭಾವ ನನ್ನ ಪ್ರಾಣ ಹಿಂಡಿದರು. ಆಮೇಲೆ ಬರುವ ಆಡಿ ಎಂದರೆ ಆಷಾಢದ ಹಾಗೆ, ಅದು ಹುಟ್ಟಿದರೆ ಹೊಸ ಕೆಲಸ ಶುರು ಮಾಡುವಂತಿಲ್ಲವಲ್ಲ. ಒಂದೇ ಒಂದು ಕಾಗದ ಉಳಿಯಿತು, ಮುಂಗಡವಾಗಿ ಡಾಲರಿನ ಬೆಲೆ ನಿಗದಿ ಮಾಡಿಕೊಳ್ಳುವ ಒಪ್ಪಂದ. ಇವತ್ತಿನ ಬೆಲೆಯ ಮೇಲೆ ಸ್ವಲ್ಪ ಹೆಚ್ಚು ಕೊಟ್ಟರೆ ಸಾಕು, ಮೂರು ತಿಂಗಳ ಮೇಲೆ ಪೇಟೆಯಲ್ಲಿ ಏನೇ ಆಗಲಿ, ನಮಗೆ ಅದೇ ಬೆಲೆ. ಆಡಿ ಎರಡನೇ ದಿನ ನಾನು ಫೋನ್ ಮಾಡಿದೆ.

"ಭಾವ, ಒಂದು ಸೈನ್ ಬಾಕಿ ಐತೆ. ಬಂದು ಆಕ್ಬಿಡಿ."

"ಆಡೀಲಿ ಯಾರಾನ ಒಸಾ ಕಾಗ್ದಕ್ಕೆ ಸೈನ್ ಆಕ್ತಾರೇನಮ್ಮ? ಓದಿರೋಳು ನೀನೇ ಇಂಗಂದ್ರೆ ಎಂಗೆ? ಆಡಿ ಮುಗೀಲಿ, ಆವಣಿ ಒಂದ್ನೇ ತೇದಿ ಬೆಳಿಗ್ಗೇನೇ ಬತ್ತೀನಿ."

ನಾನು ಜೋರು ಮಾಡಬಹುದಿತ್ತು. ಮಾಡಲಿಲ್ಲ. ನನ್ನ ಮದುವೆಯನ್ನೂ ಇದೇ ಆಡಿಗೆ ಹೆದರಿ ಮುಂದೂಡಿದ್ದರು, ಆಗಲೂ ನಾನು ತೆಪ್ಪಗೇ ಇದ್ದೆ. ಓದಿದರೇನು, ಕೆಲವು ಭಯ ಮೈಯಲ್ಲೇ ಉಳಿದಿರುತ್ತದೆ.

ಆ ಆಡಿಯಲ್ಲೇ ಶುರುವಾಯಿತು. ಮೊದಲು ಕಚ್ಚಾ ತೈಲದ ಬೆಲೆ ಏರಿತು. ಆಮೇಲೆ ಅಮೆರಿಕದಲ್ಲಿ ಬಡ್ಡಿ ಏರಿತು. ಡಾಲರು ಏರಿದ್ದು ದಿನಕ್ಕೆ ಹತ್ತು ಪೈಸೆ, ಹದಿನೈದು ಪೈಸೆ, ಒಂದು ದಿನ ಮೂವತ್ತು. ನನ್ನ ಪರದೆಯ ಮೇಲೆ ಅಂಕಿಗಳು ಮಿಟುಕುತ್ತಿದ್ದವು. ಭಾನುವಾರ ಊರಿಗೆ ಹೋದಾಗ ಅಕ್ಕ ಕೇಳಿದಳು, ಎಂದಿನಂತೆ ಕೂಗಿಕೊಂಡೇ.

"ನಾವೇನ್ಲೇ ತಪ್ಪು ಮಾಡಿದ್ದು? ನಮ್ಮ ಮಗ್ಗಕ್ಕೂ ಅಮೆರಿಕಕ್ಕೂ ಏನ್ ಸಂಬಂಧ?"

ನಾನೂ ಕೂಗಿಕೊಂಡೇ ಹೇಳಿದೆ. ನಮ್ಮ ದೇಶ ಹೊರಗಿಂದ ತರಿಸುವುದು ಜಾಸ್ತಿ: ಎಣ್ಣೆ, ಚಿನ್ನ, ಮೆಷಿನ್ನು. ಹೊರಗೆ ಮಾರಿ, ಹೊರದೇಶದಲ್ಲಿ ದುಡಿಯುವವರು ಕಳಿಸಿದ್ದನ್ನೂ ಸೇರಿಸಿ ಗಳಿಸುವ ಡಾಲರು ಅದಕ್ಕೆ ಸಾಲುವುದಿಲ್ಲ. ಆ ಕೊರತೆಯನ್ನು ತುಂಬುವುದು ಹೊರಗಿನವರು ಇಲ್ಲಿ ಹೂಡುವ ಹಣ, ಕೊಡುವ ಸಾಲ. ಕಾರ್ಖಾನೆ ಕಟ್ಟಿದ ಹಣ ಬೇಗ ಎದ್ದು ಹೋಗಲಾರದು. ಷೇರಿಗೂ ಬಾಂಡಿಗೂ ಹಾಕಿದ್ದು ಒಂದೇ ದಿನದಲ್ಲಿ ಹೋಗುತ್ತದೆ. ಅಲ್ಲಿ ಬಡ್ಡಿ ಏರಿದರೆ ಅವರು ಇಲ್ಲಿಯದನ್ನು ಮಾರಿ, ಬಂದ ರೂಪಾಯಿ ಕೊಟ್ಟು ಡಾಲರ್ ಕೊಳ್ಳುತ್ತಾರೆ. ಎಣ್ಣೆಯವರೂ ಅದೇ ಹೊತ್ತಿಗೆ ಡಾಲರಿಗೇ ಬರುತ್ತಾರೆ. ಎಲ್ಲರಿಗೂ ಡಾಲರು ಬೇಕು, ರೂಪಾಯಿ ಯಾರಿಗೂ ಬೇಡ.

ಅಕ್ಕ ಮೇಟೂರು ಅಣೆಕಟ್ಟಿನ ಕಡೆ ಕೈ ತೋರಿಸಿದಳು. "ಅಂದ್ರೆ ನಮ್ಮ ಡ್ಯಾಮ್ ಇದ್ದಂಗೆ. ಒಳಕ್ಕೆ ಬರೋ ನೀರು ನಿಂತೋದ್ರೂ ಕಾಲುವೇಗೆ ಬುಡಾದು ನಿಲ್ಸಾಕಾಗಲ್ಲ."

"ಊಂ. ಕೇಂದ್ರ ಬ್ಯಾಂಕು ಕೂಡಿಟ್ಟ ಡಾಲರ್ ಮಾರ್ತಾ ಐತೆ. ರೂಪಾಯಿ ಇಳಿಯೋದು ನಿಧಾನ ಆಯ್ತದೆ, ನಿಲ್ಲಲ್ಲ."

"ಮಗಳಿಗೆ ಅಂತ ಅರ್ಧ ಪವನ್ ಚಿನ್ನ ತಕೊಂಡ್ನಲ್ಲ, ಅದೂ ಇದ್ರಾಗೆ ಸೇರ್ತಾ?"

ಸೇರಿತು ಅಂದೆ. ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಇಷ್ಟೆಲ್ಲ ತಿಳಿದೂ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ.

ಆವಣಿ ಒಂದಕ್ಕೆ ಭಾವ ಹೇಳಿದ ಹಾಗೆಯೇ ಬಂದರು, ಹಣೆ ತುಂಬ ವಿಭೂತಿ, ಗರಿಗರಿ ಬಿಳಿ ಪಂಚೆ, ಜೇಬಿನಲ್ಲಿ ಹೊಸ ಪೆನ್ನು. ನಾನು ಅವತ್ತಿನ ಬೆಲೆ ಹೇಳಿದೆ. ಆಡಿ ಎರಡಕ್ಕಿಂತ ಡಾಲರಿಗೆ ಎರಡು ರೂಪಾಯಿ ಹೆಚ್ಚು. ಅವರು ಪೆನ್ನನ್ನು ಜೇಬಿಗೇ ವಾಪಸ್ಸು ಇಟ್ಟರು.

ಅದೇ ಹೊತ್ತಿಗೆ ಶಂಕಗಿರಿ ಕಡೆಯ ಟವೆಲ್ ರಫ್ತುದಾರರೊಬ್ಬರು ಪಕ್ಕದ ಕುರ್ಚಿಯಲ್ಲಿ ಕಾಲಾಡಿಸುತ್ತ ಕೂತಿದ್ದರು. ಅವರಿಗೆ ಹೊರಗಿನಿಂದ ಡಾಲರ್ ಬಂದಿತ್ತು. ಅದನ್ನು ರೂಪಾಯಿ ಮಾಡಿಕೊಳ್ಳಿ ಎಂದರೆ, ಇನ್ನೂ ಏರಲಿ ಎಂದು ನಿಯಮ ಕೊಟ್ಟಷ್ಟು ದಿನವೂ ತಡೆಹಿಡಿದಿದ್ದರು. ಮಾರಬೇಕಾದವರು ಹೀಗೆ ಬಿಗಿಹಿಡಿದು ಕೂತಾಗ ಡಾಲರ್ ಮತ್ತಷ್ಟು ಏರುತ್ತದೆ. ಅವರನ್ನು ಬೈಯಲು ಬಾಯಿ ತುರಿಸಿತು. ಆದರೆ ಅವರ ಜಾಗದಲ್ಲಿದ್ದರೆ ಭಾವನೂ ಅದನ್ನೇ ಮಾಡುತ್ತಿದ್ದರು.

"ಇಳೀಲಮ್ಮ," ಅಂದರು ಭಾವ. "ಏರಿದ್ದು ಇಳೀಲೇಬೇಕಲ್ಲ. ಇಳಿದಾಗ ಸೈನ್ ಆಕಾಣ."

ಇಳಿಯಲೇಬೇಕೆಂಬ ಕಾಯಿದೆ ಎಲ್ಲೂ ಇಲ್ಲ ಎಂದು ನಾನು ಹೇಳಬೇಕಿತ್ತು. ಇಳಿಯಲಿ ಎಂದು ನನಗೂ ಆಸೆಯಿತ್ತು. ಆ ಆಸೆಯೇ ನನ್ನ ಬಾಯಿ ಕಟ್ಟಿತು, ಇವತ್ತಿಗೂ ಆ ಗಳಿಗೆ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆವಣಿ ಕಳೆದು, ಪುರಟಾಸಿಯ ಕೊನೆಯಲ್ಲಿ ಹಣ ಕಟ್ಟುವ ಗಡುವು ಬಂತು. ಡಾಲರು ಮತ್ತೆ ಎರಡು ರೂಪಾಯಿ ಏರಿತ್ತು. ಬಂದರಿನಲ್ಲಿ ಕಟ್ಟುವ ಸುಂಕವನ್ನೂ ಡಾಲರ್ ಬೆಲೆಯ ಮೇಲೆಯೇ ಲೆಕ್ಕ ಹಾಕುವುದರಿಂದ ಅದೂ ಏರಿತ್ತು. ಭಾವ ನನ್ನ ಮೇಜಿನ ಮುಂದೆ ಕೂತು, ನಮ್ಮ ಭಾಷೆ ಬಿಟ್ಟು ತಮಿಳಿನಲ್ಲಿ, "ಎನ್ನ ಪಣ್ಣ ಮುಡಿಯುಂ," ಅಂದರು. ಏನು ಮಾಡೋಕಾಗುತ್ತೆ. ಕಡಿಮೆ ಬಿದ್ದ ಹಣವನ್ನು ಒಂದು ವಾರದೊಳಗೆ ತಂದು ಕಟ್ಟಿದರು. ಎಲ್ಲಿಂದ ಬಂತೆಂದು ನಾನು ಕೇಳಿದೆ. ಅವರು ರಸೀದಿಯನ್ನು ಮಡಚುತ್ತಲೇ ಇದ್ದರು.

ಮಗ್ಗಗಳು ಲಾರಿಯಲ್ಲಿ ಬಂದು, ಜೋಡಣೆ ಮುಗಿದ ಮೇಲೆ ಊರಿಗೆ ಹೋದೆ. ಶೆಡ್ಡಿನಲ್ಲಿ ನಾಲ್ಕೂ ಸಾಲಾಗಿ ನಿಂತಿದ್ದವು, ಪೂಜೆಯೂ ಆಗಿತ್ತು. ಓಡಿಸುತ್ತಿದ್ದವನು ಪಾಲಮಲೆ ಕಡೆಯ ಒಬ್ಬ ಸಂಬಳದ ನೇಕಾರ.

"ಅಕ್ಕ ಎಲ್ಲಿ?" ಅಂದೆ.

"ಶಿಫ್ಟ್‌ಗೆ ಓಗವ್ಳೆ," ಅಂದರು ಭಾವ. ಹಳೇ ಮಾಲೀಕನಿಂದ ಅಕ್ಕ ಮತ್ತೆ ಅಡ್ವಾನ್ಸ್ ತೆಗೆದುಕೊಂಡಿದ್ದಳು. ಅದು ತೀರಲು ಇನ್ನೂ ಮೂರು ವರ್ಷ.

ದೀಪಾವಳಿ ಕಳೆದ ಮೇಲೆ ತೈಲ ಇಳಿಯಿತು, ಹೊರಗಿನವರ ಹಣ ಮತ್ತೆ ಷೇರು ಪೇಟೆಗೆ ಬಂತು. ಡಾಲರು ಒಂದೂವರೆ ರೂಪಾಯಿ ಇಳಿಯಿತು. ಕಟ್ಟುವುದೆಲ್ಲ ಕಟ್ಟಿ ಮುಗಿದಿದ್ದರೂ ಅಕ್ಕ, ಡಾಲರು ಏರತೊಡಗಿದಾಗ ಬಿದ್ದ ರೂಢಿಯಂತೆ, ದಿನಾ ಹತ್ತು ಗಂಟೆಗೆ ಫೋನ್ ಮಾಡುತ್ತಿದ್ದಳು.

"ಇವತ್ತು ಎಷ್ಟ್ಲೇ?"

"ಇಳಿದೈತೆ ಅಕ್ಕ."

"ಆಂ?"

ಅವಳ ಹಿಂದೆ ಲಾಳಿಗಳು ಬಡಿದುಕೊಳ್ಳುತ್ತಿದ್ದವು. ನಾನು ಇನ್ನೂ ಜೋರಾಗಿ ಕೂಗಿದೆ. ಬ್ಯಾಂಕಿನವರೆಲ್ಲ ತಿರುಗಿ ನೋಡಿದರು, ಅಕ್ಕನಿಗೆ ಮಾತ್ರ ಕೇಳಿಸಲಿಲ್ಲ.