ಕನಕಲಕ್ಷ್ಮಿ ಬರೆದ ನಲವತ್ತು ಪತ್ರಗಳು

ಹೊಳೆನರಸೀಪುರದ ಪಶು ಆಹಾರದ ಏಜೆನ್ಸಿಯೊಂದರಲ್ಲಿ ಕನಕಲಕ್ಷ್ಮಿ ಹದಿನೆಂಟು ವರ್ಷ ಕೆಲಸ ಮಾಡಿದರು. ವರ್ಷದಲ್ಲಿ ಹೆಚ್ಚು ಮಾಲು ಕೊಂಡ ನಲವತ್ತು ಅಂಗಡಿಯವರಿಗೆ ಪ್ರತಿ ಡಿಸೆಂಬರ್‌ನಲ್ಲಿ ಧನ್ಯವಾದದ ಪತ್ರ ಬರೆದು, ಒಂದು ಸ್ಟೀಲ್ ಡಬ್ಬಿಯ ಜೊತೆ ಕಳುಹಿಸುವುದು ಅವರ ಕೆಲಸ. ಕೈಬರಹದ ಪತ್ರವೆಂದು ಅಂಗಡಿಯವರಿಗೆ ಅದರ ಮೇಲೆ ನಂಬಿಕೆ.

ಕಳೆದ ಡಿಸೆಂಬರ್‌ನಲ್ಲಿ ಮಾಲೀಕ ರವೀಂದ್ರ ಕನಕಲಕ್ಷ್ಮಿಯವರನ್ನು ಒಳಗೆ ಕರೆದು, ಮಾರ್ಚ್‌ಗೆ ಏಜೆನ್ಸಿ ಮುಚ್ಚುವ ವಿಷಯ ತಿಳಿಸಿದ.

"ಆದ್ರೂ ಪತ್ರ ಹೋಗ್ಲಿ ಮೇಡಂ. ಏಪ್ರಿಲ್‌ನಿಂದ ನೂರು ಮೂಟೆಗೆ ಐದು ಫ್ರೀ ಬರಬಹುದು ಅಂತ ಸುಳಿವು ಕೊಡಿ. ಇಲ್ದಿದ್ರೆ ಈಗ್ಲೇ ಬೇರೆ ಕಡೆ ಹೋಗ್ಬಿಡ್ತಾರೆ. ಗೋಡೌನ್ ಖಾಲಿ ಆಗ್ಬೇಕು."

ಕನಕಲಕ್ಷ್ಮಿ ಹಾಗೆಯೇ ಬರೆದರು.

ಜನವರಿಯಲ್ಲಿ ಮಲ್ಲಿಪಟ್ಟಣದ ಅಂಗಡಿಯ ಪುಟ್ಟಸ್ವಾಮಿ ಫೋನ್ ಮಾಡಿದ. "ಬೇರೆ ಕಂಪ್ನಿಯೋರು ಡೀಲರ್‌ಶಿಪ್ ಕೊಡ್ತೀವಿ ಅಂತವ್ರೆ ಕನಕಮ್ಮೋರೆ. ನಿಮ್ ಕಾಗ್ದ ನೋಡಿ ಬ್ಯಾಡ ಅನ್ನಾನ ಅಂತಿವ್ನಿ. ಏನಂತೀರಿ?"

ರವೀಂದ್ರ ಎದುರಿಗೇ ಕೂತಿದ್ದ. "ಬರ್ದಿದೀನಲ್ಲ," ಎಂದರು ಕನಕಲಕ್ಷ್ಮಿ.

ಮಾರ್ಚ್ ಕೊನೆಗೆ ಪುಟ್ಟಸ್ವಾಮಿ ಬಂದಾಗ ಗೋಡೌನ್ ಖಾಲಿಯಾಗಿತ್ತು. ಅವನು ಬಿಟ್ಟ ಡೀಲರ್‌ಶಿಪ್ ಅವನ ಪಕ್ಕದ ಅಂಗಡಿಗೇ ಹೋಗಿತ್ತು. ಅವನು ಕೂಗಾಡಲಿಲ್ಲ.

"ಫೋನ್ ಮಾಡ್ದಾಗ್ಲೇ ನಿಮ್ಗೆ ಗೊತ್ತಿತ್ತಾ?" ಎಂದು ಮಾತ್ರ ಕೇಳಿದ.

"ಗೊತ್ತಿತ್ತು," ಎಂದರು ಕನಕಲಕ್ಷ್ಮಿ.

ಅವನು ಬಸ್ ಸ್ಟ್ಯಾಂಡಿನ ಕಡೆ ನಡೆದ. ಮಿಕ್ಕ ಮೂವತ್ತೊಂಬತ್ತು ಜನರಿಗೆ ಕನಕಲಕ್ಷ್ಮಿ ಅಂದೇ ಒಬ್ಬೊಬ್ಬರಾಗಿ ಫೋನ್ ಮಾಡತೊಡಗಿದರು. ವಿಷಯ ಆಗಲೇ ಹರಡಿತ್ತು. ಹೆಚ್ಚಿನವರು ಫೋನ್ ಎತ್ತಲೇ ಇಲ್ಲ.